ಅಣ್ಣನ ಲಿವರ್‌ನಲ್ಲಿ ಕೀವು, ನನ್ನ ರಿಪೋರ್ಟ್‌ನಲ್ಲಿ ಸಿಸ್ಟ್

ಭಾಗ 1

ಮೂರು ತಿಂಗಳಿಂದ ಪೋಸ್ಟ್ ಯಾಕೆ ಹಾಕ್ತಿಲ್ಲ ಅಂತ ಕ್ಲಾಸ್‌ನವರು ಕೇಳ್ತಾನೇ ಇದ್ರಿ. "ಮನೇಲಿ ಸ್ವಲ್ಪ ಪ್ರಾಬ್ಲಂ" ಅಂತ ಹೇಳಿ ಜಾರಿಕೊಂಡೆ. ಆ ಪ್ರಾಬ್ಲಂ ಏನು ಅಂತ ಈಗ ಹೇಳ್ತೀನಿ. ಊಟ ಮಾಡ್ತಾ ಓದ್ತಿದ್ರೆ ಮೊದಲು ಊಟ ಮುಗಿಸಿ ಬನ್ನಿ, ಯಾಕಂದ್ರೆ ಇದರಲ್ಲಿ ಮಲದ ಮಾತು ಜಾಸ್ತಿ ಇದೆ.

ನನ್ನ ಅಣ್ಣನಿಗೆ 27 ವರ್ಷ. ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಾನೆ. ಕಳೆದ ನವೆಂಬರ್‌ನಲ್ಲಿ ಅವನಿಗೆ ಭೇದಿ ಶುರುವಾಯ್ತು. ನೀರು ನೀರಾಗಿ ಹೋಗೋ ಭೇದಿ ಅಲ್ಲ ಅದು. ಸ್ವಲ್ಪ ಸ್ವಲ್ಪ, ಲೋಳೆ ಲೋಳೆ, ಅದರಲ್ಲಿ ರಕ್ತ. ದಿನಕ್ಕೆ ಎಂಟು ಹತ್ತು ಸಲ ಓಡ್ತಿದ್ದ, ಆದ್ರೂ ಪೂರ್ತಿ ಹೋಗಿಲ್ಲ ಅನ್ನೋ ಸಂಕಟ. ನಮ್ಮಜ್ಜಿ ಕೇಳಿದ ತಕ್ಷಣ "ಆಮಶಂಕೆ ಕಣೋ ಅದು" ಅಂದ್ರು. ಅಜ್ಜಿ ಹೇಳಿದ್ದು ಸರಿ ಇತ್ತು. ಆದ್ರೆ ಅಣ್ಣ ಡಾಕ್ಟರ್ ಹತ್ರ ಹೋಗಲಿಲ್ಲ. ಮೆಡಿಕಲ್ ಶಾಪ್‌ಗೆ ಹೋಗಿ "ಲೂಸ್ ಮೋಷನ್‌ಗೆ ಮಾತ್ರೆ ಕೊಡಿ" ಅಂದ. ಅವರು ಮೆಟ್ರೋನಿಡಜೋಲ್ 400 ಅಂತ ಆರು ಮಾತ್ರೆ ಕತ್ತರಿಸಿ ಕೊಟ್ರು. ಎರಡು ದಿನದಲ್ಲಿ ರಕ್ತ ನಿಂತಿತು. ಬಾಯೆಲ್ಲ ಕಬ್ಬಿಣದ ರುಚಿ ಬರತ್ತೆ ಅಂತ ಉಳಿದದ್ದನ್ನ ಡಬ್ಬಿಗೆ ಹಾಕಿಟ್ಟ. ಎಲ್ಲರೂ ಮರೆತೆವು.

ಈ ಆರು ಮಾತ್ರೆಗಳನ್ನ ನೆನಪಿಟ್ಕೊಳ್ಳಿ. ಮುಂದಿನ ಕಥೆಯೆಲ್ಲ ಇವುಗಳ ಮೇಲೇ ನಿಂತಿದೆ.

ಭಾಗ 2

ಮಾರ್ಚ್ ಮೊದಲ ವಾರ. ಸಂಜೆ ಆದ್ರೆ ಚಳಿ ಜ್ವರ, ರಾತ್ರಿ ಬೆವರು. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಜೋರಾಗಿ ಉಸಿರು ಎಳ್ಕೊಂಡ್ರೆ ಬಲ ಭುಜದಲ್ಲೂ ನೋವು. ನಾವೆಲ್ಲ ಭುಜದ ನೋವು ಕೊಬ್ಬರಿ ಚೀಲ ಎತ್ತಿದ್ದಕ್ಕೆ ಅಂದುಕೊಂಡ್ವಿ. ಮೊದಲು ತೋರಿಸಿದ ಕಡೆ ಗ್ಯಾಸ್ಟ್ರಿಕ್ ಅಂದ್ರು. ಮೂರು ದಿನ ಬಿಟ್ಟು ಹೋದಾಗ ಟೈಫಾಯ್ಡ್ ಇರಬಹುದು ಅಂತ ಇಂಜೆಕ್ಷನ್ ಶುರು ಮಾಡಿದ್ರು. ಎಂಟನೇ ದಿನ ಅಣ್ಣ ಬಲಗಡೆ ಹೊಟ್ಟೆ ಹಿಡ್ಕೊಂಡು, ಬಾಗಿಕೊಂಡು ನಡೀತಿದ್ದ. ತೂಕ ಆರು ಕೆಜಿ ಇಳಿದಿತ್ತು. ಅಪ್ಪ ಮಾತಾಡದೆ ಕಾರು ಮಾಡಿಸಿಕೊಂಡು ತುಮಕೂರಿಗೆ ಕರ್ಕೊಂಡು ಹೋದ್ರು.

ಅಲ್ಲಿ ನೋಡಿದ ಡಾಕ್ಟರ್ ವಯಸ್ಸಾದವರು. ಜಾಸ್ತಿ ಏನೂ ಕೇಳಲಿಲ್ಲ. ಬಲಗಡೆ ಎರಡು ಪಕ್ಕೆಲುಬುಗಳ ನಡುವೆ ಒಂದೇ ಬೆರಳಿಟ್ಟು ಒತ್ತಿದ್ರು. ಅಣ್ಣ ಕಿರುಚಿದ. ಅವರು ಅಪ್ಪನ ಕಡೆ ತಿರುಗಿ, "ನಾಲ್ಕೈದು ತಿಂಗಳ ಹಿಂದೆ ಇವನಿಗೆ ರಕ್ತಭೇದಿ ಆಗಿತ್ತಾ?" ಅಂತ ಕೇಳಿದ್ರು.

ಅಪ್ಪನಿಗೆ ನೆನಪಿರಲಿಲ್ಲ. ನನಗಿತ್ತು.

ಸ್ಕ್ಯಾನ್‌ನಲ್ಲಿ ಲಿವರ್‌ನ ಬಲಭಾಗದಲ್ಲಿ ಒಂದೇ ಒಂದು ಗೂಡು. ಸುಮಾರು 7 ಸೆಂಟಿಮೀಟರ್ ಅಗಲ, ಒಳಗೆ ಕೀವಿನಂಥದ್ದು. ಒಂದು ಮೂಸಂಬಿ ಹಣ್ಣಿನಷ್ಟು ದೊಡ್ಡದು ಅಂದುಕೊಳ್ಳಿ. ರಕ್ತದಲ್ಲಿ ಬಿಳಿ ಕಣ 17,000. ಭುಜದ ನೋವಿಗೂ ಕೊಬ್ಬರಿ ಚೀಲಕ್ಕೂ ಸಂಬಂಧ ಇರಲಿಲ್ಲ. ಲಿವರ್ ಮೇಲೆ ಎದೆ ಮತ್ತು ಹೊಟ್ಟೆಯ ನಡುವಿನ ಪರದೆ ಇದೆಯಲ್ಲ, ವಪೆ ಅಂತ ಪಿಯುಸಿ ಪುಸ್ತಕದಲ್ಲಿ ಓದಿರ್ತೀರಿ, ಅದಕ್ಕೆ ಉರಿ ಆದ್ರೆ ನೋವು ಭುಜದಲ್ಲಿ ಕಾಣಿಸಿಕೊಳ್ಳತ್ತೆ. ಎರಡಕ್ಕೂ ನರದ ದಾರಿ ಕುತ್ತಿಗೆಯ ಒಂದೇ ಜಾಗದಿಂದ ಬರೋದು.

ಭಾಗ 3

ಈಗ ನಮ್ಮ ಮನೆಯಲ್ಲಿ ಆದ ದೊಡ್ಡ ಜಗಳ. ಅಣ್ಣನ ಸ್ಟೂಲ್ ಟೆಸ್ಟ್ ರಿಪೋರ್ಟ್ ಬಂತು. ಅಮೀಬಾ ಕಂಡಿಲ್ಲ ಅಂತ ಇತ್ತು. ಮಾವ ಆಸ್ಪತ್ರೆ ಕಾರಿಡಾರ್‌ನಲ್ಲೇ ಶುರು ಮಾಡಿದ್ರು: "ಹೊಟ್ಟೇಲೇ ಇಲ್ಲ ಅಂದ್ಮೇಲೆ ಲಿವರ್‌ಗೆ ಎಲ್ಲಿಂದ ಬಂತು? ದುಡ್ಡು ಹೊಡೆಯೋಕೆ ಏನೋ ಹೇಳ್ತಾರೆ."

ನಿಜ ಹೇಳ್ಬೇಕಂದ್ರೆ ನನಗೂ ಹಾಗೇ ಅನ್ನಿಸಿತ್ತು. ಡಾಕ್ಟರ್ ರೌಂಡ್ಸ್ ಬಂದಾಗ ಕೇಳಿಯೇಬಿಟ್ಟೆ. ಅವರು ಬೈಯಲಿಲ್ಲ. ಅವರು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ.

ಈ ಅಮೀಬಾ ಹೆಸರು ಎಂಟಮೀಬಾ ಹಿಸ್ಟೋಲಿಟಿಕಾ. ಅದಕ್ಕೆ ಎರಡು ರೂಪ. ಒಂದು ಓಡಾಡೋ ರೂಪ, ಟ್ರೋಫೋಜೋಯಿಟ್. ದೊಡ್ಡ ಕರುಳಿನ ಗೋಡೆ ಕೊರೆಯೋದು, ರಕ್ತಕಣ ನುಂಗೋದು ಇದೇ. ಇನ್ನೊಂದು ಗಟ್ಟಿ ಚಿಪ್ಪಿನ ರೂಪ, ಸಿಸ್ಟ್. ಅದು ಯಾರನ್ನೂ ಕೊರೆಯಲ್ಲ, ಮಲದ ಜೊತೆ ಹೊರಗೆ ಹೋಗಿ ಇನ್ನೊಬ್ಬರ ಬಾಯಿಗೆ ಕಾಯ್ತಾ ಕೂರತ್ತೆ.

ನವೆಂಬರ್‌ನಲ್ಲಿ ಅಣ್ಣನ ಕರುಳಿನ ಗೋಡೆ ಕೊರೆದ ಕೆಲವು ಅಲ್ಲಿನ ರಕ್ತನಾಳಕ್ಕೆ ಇಳಿದಿವೆ. ಕರುಳಿನ ರಕ್ತ ನೇರವಾಗಿ ಹೃದಯಕ್ಕೆ ಹೋಗಲ್ಲ, ಮೊದಲು ಲಿವರ್‌ಗೆ ಹೋಗತ್ತೆ. ದೊಡ್ಡ ಕರುಳಿನ ಬಲಭಾಗದ ರಕ್ತ ಹೆಚ್ಚಾಗಿ ಲಿವರ್‌ನ ಬಲಭಾಗಕ್ಕೇ ಸೇರತ್ತೆ. ಅದಕ್ಕೇ ಈ ಗೂಡು ಬಹುಪಾಲು ಬಲಗಡೆಯೇ ಕಾಣೋದು. ಅಲ್ಲಿ ಅದು ಬೆಳೆಯೋಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ಅಷ್ಟೊತ್ತಿಗೆ ಭೇದಿ ನಿಂತು ಎಷ್ಟೋ ಕಾಲ ಆಗಿರತ್ತೆ. ಲಿವರ್‌ನಲ್ಲಿ ಕೀವಾದವರಲ್ಲಿ ಹೆಚ್ಚಿನವರಿಗೆ ಆ ಹೊತ್ತಿಗೆ ಭೇದಿಯೇ ಇರಲ್ಲ, ಮಲದಲ್ಲಿ ಅಮೀಬಾ ಕಾಣೋದೂ ಕಡಿಮೆ ಜನರಲ್ಲಿ. ಅಂದ್ರೆ ಕಾಯಿಲೆ ಲಿವರ್‌ನಲ್ಲಿ, ನಾವು ಹುಡುಕ್ತಿದ್ದದ್ದು ಮಲದಲ್ಲಿ.

ಲಿವರ್‌ನ ಸಂಶಯಕ್ಕೆ ಸ್ಕ್ಯಾನ್ ಮತ್ತು ರಕ್ತದ ಪರೀಕ್ಷೆ ಬೇಕು. ಅಮೀಬಾ ವಿರುದ್ಧ ದೇಹ ಮಾಡಿಕೊಂಡ ಆಂಟಿಬಾಡಿ ಹುಡುಕೋ ಟೆಸ್ಟ್ ಅದು. ಅಣ್ಣನದು ಪಾಸಿಟಿವ್ ಬಂತು. ಅದಕ್ಕೂ ಒಂದು ತೊಂದರೆ ಇದೆ: ಹಳೇ ಸೋಂಕು ವಾಸಿಯಾದ ಮೇಲೂ ಆಂಟಿಬಾಡಿ ವರ್ಷಗಟ್ಟಲೆ ಉಳಿಯತ್ತೆ. ನಮ್ಮಂಥ ಊರುಗಳಲ್ಲಿ ಆರೋಗ್ಯವಾಗಿರೋರಿಗೂ ಪಾಸಿಟಿವ್ ಬರಬಹುದು. ಹಾಗಾಗಿ ಡಾಕ್ಟರ್ ಅದೊಂದನ್ನೇ ನಂಬಲಿಲ್ಲ. ಜ್ವರ, ಬೆರಳಿಟ್ಟ ಜಾಗದ ನೋವು, ಸ್ಕ್ಯಾನ್, ರಕ್ತ, ನವೆಂಬರ್ ಕಥೆ, ಎಲ್ಲ ಸೇರಿಸಿ ತೀರ್ಮಾನ ಮಾಡಿದ್ರು. ನಮ್ಮ ಆಡಿಟಿಂಗ್ ಸರ್ ಹೇಳೋ ಹಾಗೆ, ಒಂದು ವೋಚರ್ ನೋಡಿ ಸಹಿ ಹಾಕೋ ಹಾಗಿಲ್ಲ.

ಭಾಗ 4

ಮೆಟ್ರೋನಿಡಜೋಲ್ ಮತ್ತೆ ಶುರುವಾಯ್ತು, ಈ ಸಲ ಡ್ರಿಪ್‌ನಲ್ಲಿ. ಬ್ಯಾಕ್ಟೀರಿಯಾದಿಂದ ಆದ ಕೀವೂ ಸ್ಕ್ಯಾನ್‌ನಲ್ಲಿ ಹೀಗೇ ಕಾಣಬಹುದು, ಅದು ಅಲ್ಲ ಅಂತ ಖಚಿತ ಆಗೋವರೆಗೆ ಇನ್ನೊಂದು ಆಂಟಿಬಯಾಟಿಕ್ ಕೂಡ ಕೊಟ್ರು. ಸಾಮಾನ್ಯವಾಗಿ ಮೂರ್ನಾಲ್ಕು ದಿನದಲ್ಲಿ ಜ್ವರ ಇಳಿಯತ್ತೆ ಅಂದಿದ್ರು. ನಾಲ್ಕನೇ ದಿನ ರಾತ್ರಿಯೂ ಅಣ್ಣನಿಗೆ 102 ಜ್ವರ.

ಎಲ್ಲರಿಗೂ ಸೂಜಿ ಹಾಕಲ್ಲ, ಮಾತ್ರೆಯಲ್ಲೇ ಹೆಚ್ಚಿನವರಿಗೆ ವಾಸಿಯಾಗತ್ತೆ. ಗೂಡು ತುಂಬಾ ದೊಡ್ಡದಿದ್ರೆ, ಎಡಭಾಗದಲ್ಲಿದ್ರೆ, ಔಷಧಿಗೆ ಜ್ವರ ಬಗ್ಗದಿದ್ರೆ ಸೂಜಿ. ಎಡಗಡೆಯದ್ದಕ್ಕೆ ಯಾಕೆ ಹೆದರ್ತಾರೆ ಅಂದ್ರೆ ಅದು ಒಡೆದ್ರೆ ಹೃದಯದ ಸುತ್ತ ಇರೋ ಚೀಲಕ್ಕೆ ನುಗ್ಗಬಹುದು. ಅಣ್ಣನದು ಬಲಗಡೆ, ಆದ್ರೆ ಜ್ವರ ಬಗ್ಗಲಿಲ್ಲ.

ಐದನೇ ದಿನ ಸ್ಕ್ಯಾನ್ ನೋಡ್ತಾ ನೋಡ್ತಾ ಪಕ್ಕೆಯಿಂದ ಸೂಜಿ ಹಾಕಿ 150 ಎಂಎಲ್ ತೆಗೆದ್ರು. ಬಾಟಲಿ ನಾನು ನೋಡಿದೆ. ಕೀವು ಅಂದ್ರೆ ಹಳದಿ, ಗಬ್ಬು ವಾಸನೆ ಅಂದುಕೊಂಡಿದ್ದೆ. ಇದು ಕರಗಿದ ಚಾಕಲೇಟ್ ಬಣ್ಣ, ವಾಸನೆಯೇ ಇಲ್ಲ. ಯಾಕಂದ್ರೆ ಅದು ನಿಜಕ್ಕೂ ಕೀವಲ್ಲ, ಸತ್ತು ಕರಗಿದ ಲಿವರ್. ಅದನ್ನ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೂ ಅಮೀಬಾ ಸಿಗಲಿಲ್ಲ. ಅವು ನಡುವಿನ ದ್ರವದಲ್ಲಿ ಇರಲ್ಲ, ಗೂಡಿನ ಗೋಡೆ ಪಕ್ಕದಲ್ಲಿ, ಇನ್ನೂ ಜೀವ ಇರೋ ಜಾಗ ತಿಂತಾ ಇರ್ತವೆ. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೀಲಿಲ್ಲ, ಆ ಇನ್ನೊಂದು ಆಂಟಿಬಯಾಟಿಕ್ ನಿಲ್ಲಿಸಿದ್ರು. ಎರಡು ದಿನದಲ್ಲಿ ಜ್ವರ ಹೋಯ್ತು. ಅಣ್ಣ ಮೊದಲು ಕೇಳಿದ್ದು ಚಿತ್ರಾನ್ನ.

ಭಾಗ 5

ಡಿಸ್ಚಾರ್ಜ್ ದಿನ ಚೀಟಿಯಲ್ಲಿ ಎರಡು ಔಷಧಿ ಇತ್ತು. ಮೆಟ್ರೋನಿಡಜೋಲ್ 800, ದಿನಕ್ಕೆ ಮೂರು ಸಲ, ಹತ್ತು ದಿನ ಪೂರ್ತಿ ಆಗೋವರೆಗೆ. ಅದು ಮುಗಿದ ಮೇಲೆ ಡೈಲೋಕ್ಸನೈಡ್ ಫ್ಯೂರೋಯೇಟ್ 500, ದಿನಕ್ಕೆ ಮೂರು ಸಲ, ಇನ್ನೂ ಹತ್ತು ದಿನ.

ಈ ಎರಡನೆಯದು ಯಾಕೆ ಅಂತ ಅಣ್ಣ ಒಪ್ಪಲೇ ಇಲ್ಲ. ಜ್ವರ ಇಲ್ಲ, ನೋವಿಲ್ಲ, ಸ್ಟೂಲ್ ರಿಪೋರ್ಟ್‌ನಲ್ಲೂ ಏನಿಲ್ಲ. "ಹೋಗೇ, ಇನ್ನು ಮೂವತ್ತು ಮಾತ್ರೆ ಯಾರು ನುಂಗ್ತಾರೆ." ಮೊದಲ ಎರಡು ಮೆಡಿಕಲ್ ಶಾಪ್‌ನಲ್ಲಿ ಆ ಮಾತ್ರೆ ಬಿಡಿಯಾಗಿ ಇರಲೂ ಇಲ್ಲ. ಎರಡೂ ಔಷಧಿ ಸೇರಿದ ಮಾತ್ರೆ ಇದೆ, ಅದೇ ತಗೊಳ್ಳಿ ಅಂದ್ರು. ಡಾಕ್ಟರ್‌ಗೆ ಫೋನ್ ಮಾಡಿ ಕೇಳಿ, ತುಮಕೂರಿನಿಂದ ತರಿಸಿದ್ವಿ.

ಅಣ್ಣನಿಗೆ ಅರ್ಥ ಮಾಡಿಸೋಕೆ ಹೋಗಿ ನನಗೇ ಚೆನ್ನಾಗಿ ಅರ್ಥ ಆಗಿದ್ದು ಇದು. ಮೆಟ್ರೋನಿಡಜೋಲ್ ನುಂಗಿದ್ರೆ ಅದು ಹೆಚ್ಚುಕಡಿಮೆ ಪೂರ್ತಿ ಸಣ್ಣ ಕರುಳಿನಲ್ಲೇ ರಕ್ತಕ್ಕೆ ಸೇರಿಬಿಡತ್ತೆ. ಅದಕ್ಕೇ ಅದು ಲಿವರ್‌ಗೆ, ಕರುಳಿನ ಗೋಡೆಗೆ ಚೆನ್ನಾಗಿ ತಲುಪೋದು. ಆದ್ರೆ ಅದೇ ಕಾರಣಕ್ಕೆ ದೊಡ್ಡ ಕರುಳಿನ ಟೊಳ್ಳಿನೊಳಗೆ, ಮಲದ ಜೊತೆ ಕೂತಿರೋ ಅಮೀಬಾಗಳಿಗೆ ಸಾಕಷ್ಟು ಸಿಗಲ್ಲ. ಮೆಟ್ರೋನಿಡಜೋಲ್ ಒಂದನ್ನೇ ತಗೊಂಡವರಲ್ಲಿ ಸುಮಾರು 40ರಿಂದ 60 ಪರ್ಸೆಂಟ್ ಜನರ ಕರುಳಲ್ಲಿ ಅಮೀಬಾ ಉಳಿದೇ ಇರತ್ತೆ. ಡೈಲೋಕ್ಸನೈಡ್ ಅದರ ಉಲ್ಟಾ. ಕರುಳಿನ ಟೊಳ್ಳಿನಲ್ಲಿ ಕೆಲಸ ಮಾಡತ್ತೆ, ಲಿವರ್‌ನ ಗೂಡಿಗೆ ಅದರಿಂದ ಏನೂ ಪ್ರಯೋಜನ ಇಲ್ಲ. ಒಂದು ಇನ್ನೊಂದರ ಬದಲಿಗೆ ಅಲ್ಲ.

ಬಿಕಾಂನವರಿಗೆ ಒಂದೇ ಸಾಲಲ್ಲಿ ಹೇಳ್ತೀನಿ: ಮೆಟ್ರೋನಿಡಜೋಲ್ ಈ ವರ್ಷದ ನಷ್ಟ ತೀರಿಸತ್ತೆ, ಕರುಳಲ್ಲಿ ಉಳಿದಿದ್ದು ಕ್ಲೋಸಿಂಗ್ ಸ್ಟಾಕ್, ಅದು ಮುಂದಿನ ವರ್ಷಕ್ಕೆ ಓಪನಿಂಗ್ ಸ್ಟಾಕ್ ಆಗಿ ಬರತ್ತೆ. ಅಣ್ಣ ಲೆಕ್ಕ ಬರೆಯೋನಲ್ವಾ, ಇದಕ್ಕೆ ಬಗ್ಗಿದ.

ಆ ಆರು ಮಾತ್ರೆಗೆ ಬನ್ನಿ ಈಗ. ನವೆಂಬರ್‌ನಲ್ಲಿ ಅವನು ಕೋರ್ಸ್ ಕೂಡ ಮುಗಿಸಿರಲಿಲ್ಲ, ಎರಡನೇ ಔಷಧಿಯಂತೂ ಹೆಸರೇ ಕೇಳಿರಲಿಲ್ಲ. ರಕ್ತ ನಿಂತಿತು ಅಂತ ನಾವು ಖುಷಿಪಟ್ಟಿದ್ವಿ.

ಎರಡು ಮಾತ್ರೆಯ ಗುಣವೂ ಬೇರೆ. ಮೆಟ್ರೋನಿಡಜೋಲ್‌ನಲ್ಲಿ ಬಾಯಿ ಕಹಿ, ವಾಕರಿಕೆ, ಮತ್ತು ಅದರ ಜೊತೆ ಕುಡಿಯೋ ಹಾಗಿಲ್ಲ, ಮುಗಿದ ಮೇಲೂ ಎರಡು ಮೂರು ದಿನ. ಡೈಲೋಕ್ಸನೈಡ್‌ನಲ್ಲಿ ಮುಖ್ಯವಾಗಿ ಗ್ಯಾಸು. ಇದರ ಬಗ್ಗೆ ಹೆಚ್ಚು ಬರೆದ್ರೆ ಅಣ್ಣ ನನ್ನ ಬ್ಲಾಕ್ ಮಾಡ್ತಾನೆ. ನಿಮಗೆ ಅಂತ ಡೋಸ್ ಇಲ್ಲಿಂದ ನಕಲು ಮಾಡ್ಕೋಬೇಡಿ, ಇದು ಅವನ ಚೀಟಿ.

ಭಾಗ 6

ಇನ್ನು ನನ್ನ ವಿಷಯ. ಇದನ್ನ ಬರೆಯೋಕೇ ಇಷ್ಟು ದಿನ ತಗೊಂಡೆ.

ಮನೆಯವರೆಲ್ಲ ಮಲ ಪರೀಕ್ಷೆ ಮಾಡಿಸಿ ಅಂದಿದ್ರು. ಯಾಕಂದ್ರೆ ಈ ಅಮೀಬಾ ಸೇರಿದವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಏನೂ ಆಗಲ್ಲ, ಆದ್ರೆ ಸಿಸ್ಟ್ ಹೊರಗೆ ಹೋಗ್ತಾನೇ ಇರತ್ತೆ. ಅಪ್ಪ, ಅಮ್ಮ, ಅಜ್ಜಿ, ನಾನು, ನಾಲ್ಕು ಡಬ್ಬಿ. ಒಂದೇ ಸಲ ಕೊಟ್ರೆ ಸಾಲಲ್ಲ, ಸಿಸ್ಟ್ ಪ್ರತಿದಿನ ಹೋಗಲ್ಲ, ಬೇರೆ ಬೇರೆ ದಿನ ಮೂರು ಸಲ ಕೊಡಬೇಕು. ಅಜ್ಜಿಯನ್ನ ಒಪ್ಪಿಸಿದ ಕಥೆ ಇನ್ನೊಂದು ಸೀರೀಸ್ ಆಗತ್ತೆ.

ಲ್ಯಾಬ್‌ನ ಅಕ್ಕ ನಮ್ಮೂರಿನವರೇ. ಮೂರನೇ ದಿನ ಒಳಗೆ ಕರೆದು "ಬಾ, ನೋಡ್ಬೇಕಾ?" ಅಂದ್ರು. ಗಾಜಿನ ತುಂಡಿನ ಮೇಲೆ ಒಂದು ಕಡೆ ಸಲೈನ್ ಹನಿ, ಇನ್ನೊಂದು ಕಡೆ ಅಯೋಡಿನ್ ಹನಿ, ಎರಡರಲ್ಲೂ ಕಡ್ಡಿಯ ತುದಿಯಷ್ಟು ಮಲ ಕಲಸಿರ್ತಾರೆ. ಓಡಾಡೋ ರೂಪ ಇದ್ರೆ ಸಲೈನ್‌ನಲ್ಲಿ ಹರಿಯೋದು ಕಾಣತ್ತೆ, ಆದ್ರೆ ಅದು ತಣ್ಣಗಾದ್ರೆ ಸಾಯತ್ತೆ. ಅದಕ್ಕೇ ಭೇದಿ ಇರೋವಾಗ ಸ್ಯಾಂಪಲ್ ಅರ್ಧ ಗಂಟೆಯೊಳಗೆ ತಲುಪಬೇಕು, ಮೂತ್ರ ಸೇರಬಾರದು. ಬೆಳಗ್ಗೆ ಆರಕ್ಕೆ ತೆಗೆದು ಹನ್ನೊಂದಕ್ಕೆ ಕೊಟ್ರೆ "ಏನೂ ಇಲ್ಲ" ಅಂತಲೇ ಬರೋದು. ಸಿಸ್ಟ್ ಅಷ್ಟು ಬೇಗ ಹಾಳಾಗಲ್ಲ. ಅಯೋಡಿನ್ ಹನಿಯಲ್ಲಿ ಹಳದಿ ಕಂದು ಬಣ್ಣದ ದುಂಡನೆ ಉಂಡೆ, ಒಳಗೆ ಸಣ್ಣ ಸಣ್ಣ ಉಂಗುರ. "ಎಣಿಸು" ಅಂದ್ರು. ಫೋಕಸ್ ತಿರುಗಿಸ್ತಾ ಎಣಿಸಿದೆ. ನಾಲ್ಕು.

"ಇದು ಯಾರದು ಅಕ್ಕ?"

"ನಿಂದು."

ನಮ್ಮನೇಲಿ ಚಟ್ನಿ ರುಬ್ಬೋದು, ಕೋಸಂಬರಿ ಕಲಸೋದು, ಮಜ್ಜಿಗೆ ಕಡೆದು ಕೊಡೋದು ನಾನು. ಅಮ್ಮನಿಗೆ ಕೀಲು ನೋವು, ಎರಡು ವರ್ಷದಿಂದ ಆ ಕೆಲಸ ನಂದೇ. ಬೇಯಿಸದೆ ತಿನ್ನೋದೆಲ್ಲ ನನ್ನ ಕೈಯಿಂದ ಹೋಗಿದ್ದು. ಮನೆಗೆ ಬಂದು ಬಾಗಿಲು ಹಾಕ್ಕೊಂಡು ಅತ್ತೆ. ಅಮ್ಮ ಹೊರಗಿಂದ ಏನೇನೋ ಹೇಳ್ತಿದ್ರು, ಕೇಳಿಸಲಿಲ್ಲ.

ಭಾಗ 7

ಆದ್ರೆ ಆ ನಾಲ್ಕು ಉಂಗುರಕ್ಕೆ ಇನ್ನೊಂದು ಅರ್ಥವೂ ಇರಬಹುದಿತ್ತು. 1925ರಲ್ಲೇ ಎಮಿಲ್ ಬ್ರಂಪ್ಟ್ ಅನ್ನೋ ಫ್ರೆಂಚ್ ವಿಜ್ಞಾನಿ, ನೋಡೋಕೆ ಒಂದೇ ಥರ ಇರೋ ಎರಡು ಅಮೀಬಾ ಇವೆ, ಒಂದು ಕಾಯಿಲೆ ತರತ್ತೆ, ಇನ್ನೊಂದು ಸುಮ್ಮನೆ ಕರುಳಲ್ಲಿ ಬದುಕತ್ತೆ ಅಂತ ಹೇಳಿದ್ದರು. ನಿರಪಾಯಕಾರಿಗೆ ಎಂಟಮೀಬಾ ಡಿಸ್ಪಾರ್ ಅಂತ ಹೆಸರಿಟ್ರು. ಮೈಕ್ರೋಸ್ಕೋಪ್‌ನಲ್ಲಿ ವ್ಯತ್ಯಾಸ ಕಾಣದ ಕಾರಣ ಹೆಚ್ಚಿನವರು ನಂಬಲಿಲ್ಲ. ಕೊನೆಗೆ 1993ರಲ್ಲಿ ಅದನ್ನ ಬೇರೆ ಜಾತಿ ಅಂತ ಒಪ್ಪಿದ್ದು. ಹಾಗಾಗಿ ಸಿಸ್ಟ್ ಎಷ್ಟು ಚೆನ್ನಾಗಿ ಕಂಡ್ರೂ, ಯಾವುದರದು ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಓಡಾಡೋ ರೂಪದ ಹೊಟ್ಟೆಯಲ್ಲಿ ನುಂಗಿದ ಕೆಂಪು ರಕ್ತಕಣ ಕಂಡ್ರೆ ಮಾತ್ರ ಹಿಸ್ಟೋಲಿಟಿಕಾ ಅಂತ ಬಲವಾದ ಸುಳಿವು. ಇಲ್ಲಾಂದ್ರೆ ಮಲದಲ್ಲಿ ಹಿಸ್ಟೋಲಿಟಿಕಾದ್ದೇ ಪ್ರೋಟೀನ್ ಹುಡುಕೋ ಆಂಟಿಜೆನ್ ಟೆಸ್ಟ್, ಅಥವಾ ಪಿಸಿಆರ್. ಸಿಸ್ಟ್ ಕಂಡವರಿಗೆಲ್ಲ ಕಣ್ಣುಮುಚ್ಚಿ ಮಾತ್ರೆ ಕೊಡೋದು ಇದಕ್ಕೇ ತಪ್ಪು, ಡಿಸ್ಪಾರ್‌ಗೆ ಔಷಧಿ ಬೇಕಾಗಿಲ್ಲ.

ನನ್ನ ಸ್ಯಾಂಪಲ್ ಬೆಂಗಳೂರಿಗೆ ಹೋಯ್ತು. ಡಿಸ್ಪಾರ್ ಆಗಲಿ ಅಂತ ಹರಕೆ ಹೊತ್ತ ಮೊದಲ ಬಿಕಾಂ ಹುಡುಗಿ ನಾನೇ ಇರಬೇಕು. ಪಾಸಿಟಿವ್ ಬಂತು. ಹಿಸ್ಟೋಲಿಟಿಕಾನೇ.

ಡಾಕ್ಟರ್ ನನಗೆ ಮೆಟ್ರೋನಿಡಜೋಲ್ ಬರೀಲಿಲ್ಲ. ಭೇದಿ ಇಲ್ಲ, ಜ್ವರ ಇಲ್ಲ, ಗೋಡೆಯೊಳಗೆ ನುಗ್ಗಿಲ್ಲ. ಇರೋದು ಟೊಳ್ಳಿನಲ್ಲಿ ಮಾತ್ರ. ಹಾಗಾಗಿ ಡೈಲೋಕ್ಸನೈಡ್ ಒಂದೇ, ಹತ್ತು ದಿನ. ಅಣ್ಣನೂ ನಾನೂ ಒಟ್ಟಿಗೆ ಮಾತ್ರೆ ನುಂಗಿ ಒಟ್ಟಿಗೆ ಗ್ಯಾಸ್ ಅನುಭವಿಸಿದ್ವಿ.

ನಾನು ಕೇಳಿದೆ, "ನನ್ನಿಂದಾನೇ ಬಂತಾ ಡಾಕ್ಟ್ರೇ?" ಅವರು ಹೇಳಿದ್ದು: ಅವನಿಂದ ನಿನಗೂ ಬಂದಿರಬಹುದು, ಇಬ್ಬರಿಗೂ ಒಂದೇ ನೀರಿನಿಂದಲೂ ಬಂದಿರಬಹುದು. ಆಮೇಲೆ ಷಿಕಾಗೋ ಕಥೆ ಹೇಳಿದ್ರು. 1933ರಲ್ಲಿ ಅಲ್ಲಿ ವಿಶ್ವ ಮೇಳ ನಡೆದಾಗ ಹೋಟೆಲ್‌ಗಳಲ್ಲಿ ಉಳಿದವರಿಗೆ ಈ ಆಮಶಂಕೆ ಬಂತು. 1400 ಜನರ ಹತ್ತಿರ ಕಾಯಿಲೆ, 98 ಸಾವು. ಜನ ತಮ್ಮ ಊರಿಗೆ ವಾಪಸ್ ಹೋದ ಮೇಲೆ ಕಾಯಿಲೆ ಕಾಣಿಸಿದ್ದರಿಂದ ಅಲ್ಲಿನ ಡಾಕ್ಟರ್‌ಗಳಿಗೆ ಹೊಳೀಲಿಲ್ಲ, ಅಪೆಂಡಿಕ್ಸ್ ಅಂತ ಆಪರೇಷನ್ ಕೂಡ ಮಾಡಿದ್ರು. ಮೊದಲು ಸಂಶಯ ಬಂದಿದ್ದು ಅಡುಗೆಯವರ, ಬಡಿಸೋರ ಮೇಲೆ. ಕೊನೆಗೆ ಸಿಕ್ಕಿದ್ದು ಹಳೇ ಪೈಪುಗಳು: ಕೊಳಚೆ ನೀರು ಕುಡಿಯೋ ನೀರಿಗೆ ಸೇರ್ತಿತ್ತು.

ಅಪ್ಪ ಆವತ್ತೇ ಸಂಪಿನ ಮುಚ್ಚಳ ತೆಗೆದು ನೋಡಿದ್ರು. ಟಾಯ್ಲೆಟ್ ಗುಂಡಿಯ ಕಡೆಗಿರೋ ಗೋಡೆಯಲ್ಲಿ ಬಿರುಕು. ನಡುವೆ ಅಂತರ ಏಳು ಅಡಿ ಕೂಡ ಇಲ್ಲ.

ಭಾಗ 8

ಸಿಸ್ಟ್ ಹೇಗೆ ಹರಡತ್ತೆ ಅಂತ ಕೇಳಿದವರಿಗೆ ಇದು. ಒಂದು ಸಿಸ್ಟ್ 10ರಿಂದ 15 ಮೈಕ್ರಾನ್, ಒಂದು ಮಿಲಿಮೀಟರ್ ಜಾಗದಲ್ಲಿ ಎಂಬತ್ತು ಸಾಲಾಗಿ ಕೂರಬಹುದು. ಬಟ್ಟೆ ಕಟ್ಟಿ ಸೋಸಿದ್ರೆ ಏನೂ ನಿಲ್ಲಲ್ಲ. ಹೊಟ್ಟೆಯ ಆಸಿಡ್‌ಗೆ ಅದು ಕರಗಲ್ಲ. ಸಣ್ಣ ಕರುಳಲ್ಲಿ ಚಿಪ್ಪು ಬಿಚ್ಚಿ ಒಂದರಿಂದ ಎಂಟು ಅಮೀಬಾ ಆಗತ್ತೆ. ತೇವ ಇರೋ ಮಣ್ಣಲ್ಲಿ, ನೀರಲ್ಲಿ ವಾರಗಟ್ಟಲೆ ಬದುಕತ್ತೆ, ಒಣಗಿದ್ರೆ ಸಾಯತ್ತೆ. ವಿಚಿತ್ರ ಏನಂದ್ರೆ ರಕ್ತಭೇದಿಯಲ್ಲಿ ಒದ್ದಾಡ್ತಿರೋ ರೋಗಿಯಿಂದ ಹರಡೋದು ಕಡಿಮೆ, ಅವನಿಂದ ಹೋಗೋದು ಹೆಚ್ಚಾಗಿ ಓಡಾಡೋ ರೂಪ, ಅದು ಹೊರಗೆ ಬೇಗ ಸಾಯತ್ತೆ. ಹರಡೋರು ನನ್ನಂಥವರು. ಗಟ್ಟಿಯಾಗಿ ಮಲವಿಸರ್ಜನೆ ಮಾಡ್ತಾ, ಕಾಲೇಜಿಗೆ ಹೋಗ್ತಾ, ಆರಾಮಾಗಿ ಇರೋರು.

ನಲ್ಲಿ ನೀರಿಗೆ ಹಾಕೋ ಮಾಮೂಲಿ ಕ್ಲೋರಿನ್‌ಗೆ ಸಿಸ್ಟ್ ಬಗ್ಗಲ್ಲ. ಚೆನ್ನಾಗಿ ಕುದಿಸಿದ್ರೆ ಒಂದು ನಿಮಿಷದಲ್ಲಿ ಸಾಯತ್ತೆ. ಬ್ಯಾಗಲ್ಲಿ ನೇತಾಡೋ ಸ್ಯಾನಿಟೈಸರ್ ಕೂಡ ಇದಕ್ಕೆ ನಂಬೋಂಥದ್ದಲ್ಲ. ಸೋಪಿನ ಕೆಲಸ ಸಿಸ್ಟ್ ಕೊಲ್ಲೋದಲ್ಲ, ಉಜ್ಜಿ ತೊಳೆದು ಕೈಯಿಂದ ಇಳಿಸೋದು, ಉಗುರಿನ ಸಂದಿಯೂ ಸೇರಿ. ನಮ್ಮ ಕಾಲೇಜಿನ ಹುಡುಗಿಯರ ಟಾಯ್ಲೆಟ್‌ನಲ್ಲಿ ಸೋಪು ನೋಡಿದ ನೆನಪು ನನಗಂತೂ ಇಲ್ಲ. ನಾನೀಗ ಪೆನ್ಸಿಲ್ ಬಾಕ್ಸ್‌ನಲ್ಲಿ ಸೋಪಿನ ತುಂಡು ಇಟ್ಕೊಂಡು ಓಡಾಡ್ತೀನಿ. ನಗಬೇಡಿ, ಬೇಕಾದ್ರೆ ಕೇಳಿ, ಕೊಡ್ತೀನಿ.

ಔಷಧಿ ಮುಗಿದು ಕೆಲವು ವಾರ ಆದ ಮೇಲೆ ನನ್ನ ಮಲ ಪರೀಕ್ಷೆ ಮತ್ತೆ ಮೂರು ಸಲ ಮಾಡಿಸಿದೆ. ಈ ಸಲ ಲ್ಯಾಬ್ ಅಕ್ಕ ಒಳಗೆ ಕರೀಲಿಲ್ಲ, ಬಾಗಿಲಿಂದಲೇ ತಲೆ ಆಡಿಸಿದ್ರು, ಇಲ್ಲ ಅಂತ. ಅಣ್ಣನ ಸ್ಕ್ಯಾನ್‌ನಲ್ಲಿ ಗೂಡು ಇನ್ನೂ 2.5 ಸೆಂಟಿಮೀಟರ್ ಇದೆ. ಅಮ್ಮ ಗಾಬರಿಯಾದ್ರು. ಆದ್ರೆ ಸ್ಕ್ಯಾನ್‌ನಲ್ಲಿ ಅದು ಪೂರ್ತಿ ಮುಚ್ಚೋಕೆ ಆರು ತಿಂಗಳೋ ಇನ್ನೂ ಹೆಚ್ಚೋ ಬೇಕಾಗತ್ತಂತೆ. ಜ್ವರ, ನೋವು ಇಲ್ಲದಿದ್ರೆ ಆ ಗುರುತಿಗಾಗಿ ಔಷಧಿ ಮುಂದುವರಿಸಲ್ಲ.

ಸಂಪು ಒಡೆಸಿ ಹೊಸದು ಕಟ್ಟಿಸ್ತಿದ್ದಾರೆ, ಗುಂಡಿಯಿಂದ ದೂರ, ಮನೆ ಮುಂದೆ. ಅಂಗಳ ಪೂರ್ತಿ ಜಲ್ಲಿ. ನಾನು ಎರಡು ತಿಂಗಳು ಚಟ್ನಿ ಮುಟ್ಟಿರಲಿಲ್ಲ. ನಿನ್ನೆ ಮಧ್ಯಾಹ್ನ ಅಣ್ಣ ಮಂಡಿಯಿಂದ ಬಂದು, ಜಲ್ಲಿ ದಾಟಿಕೊಂಡು ಒಳಗೆ ಬಂದ. ಚಪ್ಪಲಿ ಬಿಡೋ ಮೊದಲೇ ಕೂಗಿದ: "ಏಯ್, ಒಂದು ಲೋಟ ಮಜ್ಜಿಗೆ ಮಾಡ್ಕೊಡೇ. ಅಮ್ಮನ ಮಜ್ಜಿಗೆಗೆ ಉಪ್ಪೇ ಇರಲ್ಲ."